ಹತ್ತು ಖಾಲಿ ಜಾಗ, ಮೂರು ಬಗೆಯ ತಪ್ಪು: ಗಡಿನಾಡಿನ ಕನ್ನಡ ತರಗತಿಯಲ್ಲಿ ಬಿಟ್ಟ ಪದ ತುಂಬುವ ಪಠ್ಯ

ಕಾಸರಗೋಡಿನಿಂದ ಮಾತಾಡ್ತಾ ಇದ್ದೇನೆ. ಇಲ್ಲಿ ಮಳೆ ಇದೆ, ನಡುವೆ ಧ್ವನಿ ಕಡಿದು ಹೋದರೆ ದಯವಿಟ್ಟು ತಿಳಿಸಿ. ನಾನು ಬಹಳ ವರ್ಷ ಕನ್ನಡ ಮಾಧ್ಯಮದ ಮಕ್ಕಳಿಗೆ ಕಲಿಸಿದವಳು, ಈಗ ಆ ಕೆಲಸದ ಜೊತೆಗೇ ಸಂಶೋಧನೆಯನ್ನೂ ಮಾಡುತ್ತಿದ್ದೇನೆ. ಇವತ್ತಿನ ವಿಷಯ ತುಂಬ ಸಣ್ಣದು. ಒಂದು ಗದ್ಯಭಾಗ ಕೊಟ್ಟು, ಅದರಲ್ಲಿ ಕೆಲವು ಪದಗಳನ್ನು ತೆಗೆದು, ಖಾಲಿ ಜಾಗಗಳಿಗೆ ಅಂಕೆ ಹಾಕಿ, 'ಸಂದರ್ಭಕ್ಕೆ ಸರಿಯಾಗಿ ತುಂಬಿರಿ' ಅನ್ನುತ್ತೇವಲ್ಲ, ಅದರ ಬಗ್ಗೆ. ನಮ್ಮ ಪರೀಕ್ಷೆಗಳಲ್ಲಿ ಬಿಡಿ ವಾಕ್ಯಗಳ 'ಬಿಟ್ಟ ಸ್ಥಳ ತುಂಬಿರಿ' ಹಳೆಯದು. ಇಡೀ ಗದ್ಯಭಾಗದ ಮೇಲೆ ಅದನ್ನು ಮಾಡುವುದಕ್ಕೆ ಕ್ಲೋಜ್ ಪಠ್ಯ ಅಂತ ಹೆಸರು.

ಈ ಹೆಸರು ಕೊಟ್ಟವರು ವಿಲ್ಸನ್ ಟೇಲರ್, 1953ರಲ್ಲಿ. ಅವರು ಪತ್ರಿಕೋದ್ಯಮದ ಕ್ಷೇತ್ರದವರು, ಅವರ ಗುರಿ ಮಕ್ಕಳನ್ನು ಅಳೆಯುವುದಾಗಿರಲಿಲ್ಲ, ಬರಹವನ್ನು ಅಳೆಯುವುದಾಗಿತ್ತು. ಒಂದು ಬರಹದಿಂದ ಲೆಕ್ಕ ಹಾಕಿ ಪದಗಳನ್ನು ತೆಗೆದಾಗ, ಓದುಗರು ಎಷ್ಟನ್ನು ಸರಿಯಾಗಿ ಮತ್ತೆ ಕೂರಿಸುತ್ತಾರೋ ಅಷ್ಟು ಆ ಬರಹ ಸುಲಭ ಅಂತ ಅವರ ತರ್ಕ. ಒಡೆದ ವೃತ್ತವನ್ನು ನೋಡಿದಾಗ ನಮ್ಮ ಮನಸ್ಸು ತಾನೇ ಅದನ್ನು ಮುಚ್ಚಿಕೊಳ್ಳುತ್ತದೆ ಎಂಬ ಮನಶ್ಶಾಸ್ತ್ರದ ಮಾತಿನಿಂದ ಹೆಸರು ಬಂತು. ಮುಂದೆ ಅದೇ ಸಾಧನವನ್ನು ತಿರುಗಿಸಿ ಹಿಡಿದು ಓದುಗರನ್ನೇ ಅಳೆಯುವುದಕ್ಕೆ ಶುರು ಮಾಡಿದರು. ಇತಿಹಾಸ ಇಷ್ಟು ಸಾಕು. ನಾನು ಹೇಳಬೇಕಾದದ್ದು, ಈ ಸಾಧನವನ್ನು ಕನ್ನಡಕ್ಕೆ, ಅದರಲ್ಲೂ ನಮ್ಮಂಥ ಗಡಿಯ ತರಗತಿಗೆ ತಂದಾಗ ಏನಾಗುತ್ತದೆ ಎಂಬುದು.

ಐದನೆಯ ಪದದ ಲೆಕ್ಕ ಕನ್ನಡದಲ್ಲಿ ಯಾಕೆ ಕೈಕೊಡುತ್ತದೆ

ಇಂಗ್ಲಿಷಿನಲ್ಲಿ ರೂಢಿಯಾದ ಕ್ರಮ ಪ್ರತಿ ಐದನೆಯ ಪದವನ್ನೋ ಏಳನೆಯ ಪದವನ್ನೋ ಕಣ್ಣುಮುಚ್ಚಿ ತೆಗೆಯುವುದು. ಆ ಭಾಷೆಯಲ್ಲಿ ವ್ಯಾಕರಣದ ಬಹುಪಾಲು ಕೆಲಸವನ್ನು ಸಣ್ಣ ಸಣ್ಣ ಬಿಡಿ ಪದಗಳು ಮಾಡುತ್ತವೆ. ಹಾಗಾಗಿ ಲೆಕ್ಕ ಹಾಕಿ ತೆಗೆದರೂ ಅರ್ಥದ ಪದ ಕೆಲವು, ವ್ಯಾಕರಣದ ಪದ ಕೆಲವು ಬಲೆಗೆ ಬೀಳುತ್ತವೆ. ಕನ್ನಡದಲ್ಲಿ ಹಾಗಲ್ಲ. ವಿಭಕ್ತಿ, ಕಾಲ, ಲಿಂಗ, ನಿಷೇಧ ಎಲ್ಲವೂ ಪದದ ಬಾಲದಲ್ಲಿ ಅಂಟಿಕೊಂಡಿರುತ್ತವೆ. 'ಬಂದಿರಲಿಲ್ಲ' ಅನ್ನುವುದು ಬರೆಯುವಾಗ ಒಂದೇ ಪದ, ಆದರೆ ಅದರೊಳಗೆ ಬರುವ ಕ್ರಿಯೆ ಇದೆ, ಅದು ಇನ್ನೊಂದು ಸಮಯಕ್ಕಿಂತ ಹಿಂದಿನದು ಎಂಬ ಸೂಚನೆ ಇದೆ, ನಿಷೇಧವೂ ಇದೆ.

ನಾನೇ ಬರೆದು ತರಗತಿಯಲ್ಲಿ ಬಳಸಿದ ಒಂದು ಗದ್ಯಭಾಗ ಹೀಗೆ ಶುರುವಾಗುತ್ತದೆ: "ನಿನ್ನೆ ಬೆಳಿಗ್ಗೆ ಅಜ್ಜಿ ಅಂಗಳದಲ್ಲಿ ಅಡಿಕೆ ಹರಡಿ ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯಿತು. ತಂಗಿ ಶಾಲೆಯಿಂದ ಇನ್ನೂ ಬಂದಿರಲಿಲ್ಲ. ನಾನೊಬ್ಬನೇ ಬುಟ್ಟಿ ಹಿಡಿದು ಅಂಗಳಕ್ಕೆ ಓಡಿದೆ." ಇದರಲ್ಲಿ ಪ್ರತಿ ಐದನೆಯ ಪದ ತೆಗೆಯಿರಿ. ಅಡಿಕೆ, ಹೊತ್ತಿಗೆ, ಇನ್ನೂ, ಅಂಗಳಕ್ಕೆ, ಈ ನಾಲ್ಕು ಹೋಗುತ್ತವೆ. ನಾಲ್ಕು ವಾಕ್ಯಗಳಲ್ಲಿ ಒಂದು ಕ್ರಿಯಾಪದವೂ ಹೋಗಲಿಲ್ಲ ನೋಡಿ. ಮೊದಲನೆಯ ಖಾಲಿ ಜಾಗಕ್ಕೆ ಭತ್ತ ಆಗಬಹುದು, ಹಪ್ಪಳ ಆಗಬಹುದು, ಮೆಣಸೂ ಆಗಬಹುದು. ಅಲ್ಲಿ ಮಗುವಿನ ವ್ಯಾಕರಣಕ್ಕೂ ಕೆಲಸ ಇಲ್ಲ, ಸಂದರ್ಭಕ್ಕೂ ಕೆಲಸ ಇಲ್ಲ, ಬರೀ ಊಹೆ. ಒಂದು ಪದ ಆಚೀಚೆ ಮಾಡಿ ಲೆಕ್ಕ ಶುರು ಮಾಡಿದರೆ ಬೇರೆಯೇ ಪರೀಕ್ಷೆ ಆಗುತ್ತದೆ. ಇಂಗ್ಲಿಷಿನಲ್ಲೂ ಈ ತೊಂದರೆ ಇದೆ ಅಂತ ಚಾರ್ಲ್ಸ್ ಆಲ್ಡರ್ಸನ್ 1979ರಲ್ಲಿ ವಾದಿಸಿದ್ದರು. ಯಾವ ಪದ ತೆಗೆದಿರಿ ಎಂಬುದರ ಮೇಲೆ ನೀವು ಏನನ್ನು ಅಳೆಯುತ್ತೀರಿ ಎಂಬುದು ನಿಂತಿದೆ ಎಂಬುದು ಅವರ ಮಾತಿನ ತಿರುಳು. ಕನ್ನಡದಲ್ಲಿ ಈ ಮಾತು ಇನ್ನಷ್ಟು ನಿಜ. ಆದ್ದರಿಂದ ನಾವು ಪದಗಳನ್ನು ಆಯ್ದು ತೆಗೆಯಬೇಕು, ಯಾಕೆ ತೆಗೆದೆವು ಅಂತ ಪ್ರತಿಯೊಂದಕ್ಕೂ ಒಂದು ಕಾರಣ ಬರೆದಿಟ್ಟುಕೊಳ್ಳಬೇಕು.

ಗದ್ಯಭಾಗ

ಏಳನೆಯ ತರಗತಿಗೆ ನಾನು ಕೊಟ್ಟದ್ದು ಇದು. ಮೊದಲ ವಾಕ್ಯವನ್ನು ಬೇಕೆಂದೇ ಪೂರ್ತಿ ಬಿಟ್ಟಿದ್ದೇನೆ, ಓದುವವರಿಗೆ ಕಾಲೂರುವುದಕ್ಕೆ ಒಂದು ಜಾಗ ಬೇಕಲ್ಲ.

"ನಿನ್ನೆ ಬೆಳಿಗ್ಗೆ ಅಜ್ಜಿ ಅಂಗಳದಲ್ಲಿ ಅಡಿಕೆ ಹರಡಿ ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಮೋಡ (1) ______. ತಂಗಿ ಶಾಲೆಯಿಂದ ಇನ್ನೂ (2) ______. ನಾನೊಬ್ಬನೇ ಬುಟ್ಟಿ ಹಿಡಿದು (3) ______ ಓಡಿದೆ. ಅಡಿಕೆಯನ್ನು ರಾಶಿ ಮಾಡಿ ಬುಟ್ಟಿಗೆ ತುಂಬತೊಡಗಿದೆ. ಅಷ್ಟರಲ್ಲಿ ತಂಗಿ ಓಡೋಡಿ (4) ______. ಚೀಲವನ್ನು ಜಗಲಿಯ ಮೇಲಿಟ್ಟು ಅವಳೂ ನನ್ನ (5) ______ ಸೇರಿದಳು. ಮಳೆ (6) ______ ಮೊದಲೇ ಮುಕ್ಕಾಲು ಪಾಲು ಅಡಿಕೆಯನ್ನು ಒಳಗೆ ತಂದೆವು. ಉಳಿದದ್ದು (7) ______. ಅಜ್ಜಿ ಬೈಯುತ್ತಾರೆ ಎಂದು ನನಗೆ (8) ______. (9) ______ ಅವರು ಬೈಯಲಿಲ್ಲ. ಇಬ್ಬರಿಗೂ ಒಂದೊಂದು ತುಂಡು ಬೆಲ್ಲ (10) ______."

ನನ್ನ ಮನಸ್ಸಿನಲ್ಲಿದ್ದ ಉತ್ತರಗಳು: ಕವಿಯಿತು, ಬಂದಿರಲಿಲ್ಲ, ಅಂಗಳಕ್ಕೆ, ಬಂದಳು, ಜೊತೆ, ಬರುವ, ಒದ್ದೆಯಾಯಿತು, ಹೆದರಿಕೆಯಾಯಿತು, ಆದರೆ, ಕೊಟ್ಟರು.

ಎಲ್ಲವನ್ನೂ ಒಂದೇ ಸಮನಾಗಿ ವಿವರಿಸುವುದಿಲ್ಲ. ಕೆಲವು ಖಾಲಿ ಜಾಗಗಳಲ್ಲಿ ಒಳ್ಳೆಯ ಸಂಗತಿ ಇದೆ, ಅಲ್ಲಿ ನಿಲ್ಲೋಣ.

ಮೂರನೆಯದನ್ನು ನೋಡಿ. 'ಅಂಗಳ' ಎಂಬ ಪದ ಮೊದಲ ವಾಕ್ಯದಿಂದ ಬರಬೇಕು, ಅಡಿಕೆ ಇರುವುದು ಅಲ್ಲಿ ತಾನೇ. ವಿಭಕ್ತಿ ಮಾತ್ರ 'ಓಡಿದೆ' ಎಂಬ ಮುಂದಿನ ಪದದಿಂದ ಬರಬೇಕು. ಮಗು 'ಅಂಗಳದಲ್ಲಿ' ಅಂತ ಬರೆದರೆ ವಾಕ್ಯ ವ್ಯಾಕರಣದ ಪ್ರಕಾರ ತಪ್ಪಲ್ಲ. ಆದರೆ ಆಗ ಹುಡುಗ ಅಂಗಳದ ಒಳಗೇ ಓಡಾಡಿದ ಹಾಗಾಯಿತು, ಮನೆಯಿಂದ ಅಲ್ಲಿಗೆ ಹೋದ ಹಾಗಾಗಲಿಲ್ಲ. ವ್ಯಾಕರಣ ಒಪ್ಪಿದ್ದನ್ನು ಸಂದರ್ಭ ತಳ್ಳಿಹಾಕುತ್ತದೆ. ಇನ್ನು 'ಅಂಗಳಗೆ' ಅಂತ ಬರೆದ ಮಕ್ಕಳೂ ಇದ್ದರು. ಅವರಿಗೆ ಸಂದರ್ಭ ಚೆನ್ನಾಗಿ ಸಿಕ್ಕಿದೆ, ಚತುರ್ಥಿ ಬೇಕು ಎಂಬುದೂ ಸಿಕ್ಕಿದೆ. ಅಕಾರದಲ್ಲಿ ಮುಗಿಯುವ ನಪುಂಸಕ ಪದಕ್ಕೆ 'ಕ್ಕೆ' ಬರುತ್ತದೆ, ಇಕಾರ ಎಕಾರಗಳಲ್ಲಿ ಮುಗಿಯುವುದಕ್ಕೆ 'ಗೆ' ಬರುತ್ತದೆ ಎಂಬುದೊಂದು ಮಾತ್ರ ಸಿಕ್ಕಿಲ್ಲ. ಮುಂದಿನ ವಾಕ್ಯದಲ್ಲೇ ಇರುವ 'ಬುಟ್ಟಿಗೆ' ಅವರನ್ನು ದಾರಿ ತಪ್ಪಿಸಿರಲಿಕ್ಕೂ ಸಾಕು.

ಆರನೆಯದರಲ್ಲಿ 'ಮೊದಲೇ' ಎಂಬ ಪದವೇ ಬೀಗದ ಕೈ. 'ಮೊದಲು' ಎಂಬುದರ ಹಿಂದೆ ಬರುವ, ಸುರಿಯುವ, ಬೀಳುವ ಅನ್ನುವ ರೂಪವೇ ಬೇಕು. 'ಮೇಲೆ' ಅಂತ ಇದ್ದಿದ್ದರೆ ಬಂದ, ಸುರಿದ ಅನ್ನುವ ರೂಪ ಬೇಕಿತ್ತು. ಇಡೀ ಕಥೆ ಭೂತಕಾಲದಲ್ಲಿದೆ, ಹಾಗಾಗಿ ಇಲ್ಲೂ ಭೂತಕಾಲ ಅಂತ ಭಾವಿಸಿ 'ಮಳೆ ಬಂದ ಮೊದಲೇ' ಅಂತ ಬರೆಯುವ ಮಗು ಸಂದರ್ಭವನ್ನು ಅತಿಯಾಗಿ ನಂಬಿ ಪಕ್ಕದ ಪದವನ್ನು ನೋಡಿಲ್ಲ.

ಎಂಟನೆಯದು ಇದಕ್ಕೆ ಹತ್ತಿರದ್ದು. 'ನನಗೆ' ಅಂತ ಬಂದ ಮೇಲೆ 'ಹೆದರಿದೆ' ಬರಲಾರದು. 'ನಾನು ಹೆದರಿದೆ' ಆಗಬಹುದು, 'ನನಗೆ ಹೆದರಿಕೆಯಾಯಿತು' ಆಗಬಹುದು. ಕರ್ತೃ ಇರಬೇಕಾದ ಜಾಗದಲ್ಲಿ ಚತುರ್ಥಿ ಇದ್ದರೆ ಕ್ರಿಯಾಪದ 'ನಾನು' ಜೊತೆ ಹೊಂದಿಕೊಳ್ಳದೆ ಹೆದರಿಕೆಯ ಜೊತೆ ಹೊಂದಿಕೊಳ್ಳುತ್ತದೆ.

ಒಂಬತ್ತು, ಹತ್ತು ಇವೆರಡೂ ನಿಜವಾಗಿ ವಾಕ್ಯದ ಹೊರಗೆ ನೋಡಬೇಕಾದವು. 'ಆದರೆ' ಬರೆಯುವುದಕ್ಕೆ ಹಿಂದಿನ ವಾಕ್ಯದ ಹೆದರಿಕೆಯೂ ಮುಂದಿನ 'ಬೈಯಲಿಲ್ಲ'ವೂ ಒಟ್ಟಿಗೆ ಕಣ್ಣಿಗೆ ಬೀಳಬೇಕು. 'ಕೊಟ್ಟರು' ಬರೆಯುವುದಕ್ಕೆ ಈ ಕಥೆ ಹೇಳುವ ಹುಡುಗ ಅಜ್ಜಿಯನ್ನು ಬಹುವಚನದಲ್ಲಿ ಮಾತಾಡಿಸುತ್ತಾನೆ ಎಂಬುದು ನೆನಪಿರಬೇಕು: ಹೋದರು, ಬೈಯುತ್ತಾರೆ, ಅವರು. 'ಅಜ್ಜಿ ಕೊಟ್ಟಳು' ಎಂಬುದು ಎಷ್ಟೋ ಕಡೆ ಸರಿಯಾದ ಕನ್ನಡವೇ, ಪ್ರೀತಿಯ ಕನ್ನಡವೂ ಹೌದು. ಈ ಗದ್ಯಭಾಗದಲ್ಲಿ ಮಾತ್ರ ಅದು ಹೊಂದುವುದಿಲ್ಲ.

ಇಲ್ಲೊಂದು ಸರಳ ಪರೀಕ್ಷೆ ಹೇಳುತ್ತೇನೆ. ಖಾಲಿ ಜಾಗ ಇರುವ ವಾಕ್ಯವನ್ನು ಮಾತ್ರ ಒಂದು ಚೀಟಿಯಲ್ಲಿ ಬರೆದು ಯಾರಿಗಾದರೂ ಕೊಡಿ. ಅವರು ತಟ್ಟನೆ ತುಂಬಿದರೆ ಅದು ಗದ್ಯಭಾಗದ ಪ್ರಶ್ನೆ ಅಲ್ಲ, ವಾಕ್ಯದ ಪ್ರಶ್ನೆ. ನನ್ನ ಹತ್ತರಲ್ಲಿ ಒಂದು, ಐದು, ಆರು, ಎಂಟು ಹಾಗೆ ಚೀಟಿಯಲ್ಲೇ ತುಂಬುವಂಥವು. ಅವು ಇರಬಾರದು ಅಂತಲ್ಲ. ಹತ್ತೂ ಹಾಗೆಯೇ ಇದ್ದರೆ ಗದ್ಯಭಾಗ ಕೊಟ್ಟದ್ದೇ ವ್ಯರ್ಥ, ಅಷ್ಟೆ.

ನಾಲ್ಕನೆಯ ಖಾಲಿ ಜಾಗ

ಈಗ ನಾಲ್ಕಕ್ಕೆ ಬರೋಣ. 'ಅಷ್ಟರಲ್ಲಿ ತಂಗಿ ಓಡೋಡಿ ______.' ಇದು ನನ್ನ ಪ್ರಕಾರ ಅತಿ ಸುಲಭದ್ದು. ಪೂರ್ಣವಿರಾಮ ಇದೆ, ಪೂರ್ಣ ಕ್ರಿಯಾಪದ ಬೇಕು. ತಂಗಿ ಅಂತ ಇದೆ, ಸ್ತ್ರೀಲಿಂಗ ಬೇಕು. ಅಷ್ಟೂ ಸಾಲದಿದ್ದರೆ ಮುಂದಿನ ವಾಕ್ಯದಲ್ಲಿ 'ಅವಳೂ ಸೇರಿದಳು' ಅಂತ ಸುಳಿವೂ ಇದೆ. ಆದರೂ ಉತ್ತರಗಳು ಮೂರು ಬಗೆಯಲ್ಲಿ ಬಂದವು. ಕೆಲವರು 'ಬಂದಳು' ಅಂದರು. ಕೆಲವರು 'ಬಂದು' ಅಂದರು. ಕೆಲವರು 'ಬಂತು' ಅಂದರು. ನಾನು ಮೊದಲನೆಯದಕ್ಕೆ ಒಂದು ಅಂಕ, ಉಳಿದ ಎರಡಕ್ಕೆ ಸೊನ್ನೆ ಹಾಕಿದೆ. ಎರಡರ ಪಕ್ಕದಲ್ಲೂ ಕೆಂಪು ಶಾಯಿಯಲ್ಲಿ 'ಮಲಯಾಳ ಪ್ರಭಾವ' ಅಂತ ಬರೆದೆ.

ಹಾಗೆ ಬರೆದವರಲ್ಲಿ ಒಬ್ಬಳು ಹುಡುಗಿ. ಹತ್ತನೆಯದಕ್ಕೂ ಅವಳು 'ಕೊಟ್ಟಿತು' ಅಂತ ಬರೆದಿದ್ದಳು. ನಾನು ಅವಳನ್ನು ಕನ್ನಡದಲ್ಲಿ ಹಿಂದೆ ಬಿದ್ದವರ ಗುಂಪಿಗೆ ಸೇರಿಸಿದೆ. ಮರುವಾರ ಅವಳ ತಂದೆ ಬಂದರು. "ನಮ್ಮ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತೇ ಇಲ್ಲ ಟೀಚರ್, ಅವಳಿಗೆ ಮಲಯಾಳ ಸರಿಯಾಗಿ ಮಾತಾಡಲಿಕ್ಕೂ ಬರುವುದಿಲ್ಲ. ಕನ್ನಡದಲ್ಲೇ ಹಿಂದೆ ಅಂತ ಆದರೆ ಈ ಮಾಧ್ಯಮದಲ್ಲಿ ಇಟ್ಟು ಏನು ಪ್ರಯೋಜನ?" ಅಂತ ಕೇಳಿದರು. ಕಾಸರಗೋಡಿನಲ್ಲಿ ಇಂಥ ಪ್ರಶ್ನೆ ಸುಮ್ಮನೆ ಕೇಳುವುದಲ್ಲ, ನಿಮಗೆಲ್ಲ ಗೊತ್ತಿದೆ. ಅದರ ಹಿಂದೆ ಮುಂದಿನ ಜೂನಿನಲ್ಲಿ ವರ್ಗಾವಣೆ ಪತ್ರ ಕೇಳುವ ಆಲೋಚನೆ ಇರುತ್ತದೆ.

ಹುಡುಗಿಯನ್ನು ಕರೆದು ಗದ್ಯಭಾಗವನ್ನು ಗಟ್ಟಿಯಾಗಿ ಓದಲಿಕ್ಕೆ ಹೇಳಿದೆ. 'ತಂಗಿ ಓಡೋಡಿ ಬಂತು' ಅಂತ ಓದಿದಳು, 'ಅವಳೂ ನನ್ನ ಜೊತೆ ಸೇರಿದಳು' ಅಂತ ಓದಿದಳು, ಅಲ್ಲಿ ನಿಂತಳು. "ಬಂದಳು ಅಂತ ಆಗಬೇಕಿತ್ತಾ ಟೀಚರ್? ಮನೆಯಲ್ಲಿ ನಾವು ಬಂತು ಅಂತಲೇ ಹೇಳುವುದು" ಅಂದಳು.

ಅವರದು ಹವ್ಯಕ ಮನೆ. ನಮ್ಮ ಕಡೆಯ ಹವ್ಯಕ ಕನ್ನಡದಲ್ಲಿ ಹೆಂಗಸರನ್ನು ಹೇಳುವಾಗ ಕ್ರಿಯಾಪದ ನಪುಂಸಕ ರೂಪದಲ್ಲೇ ಬರುತ್ತದೆ. 'ಅಬ್ಬೆ ಬಂತು' ಅಂದರೆ ಅಮ್ಮ ಬಂದಳು. ಅದರಲ್ಲಿ ಅಗೌರವ ಏನೂ ಇಲ್ಲ. ಅಂದರೆ ಆ ಹುಡುಗಿ ಬರೆದದ್ದು ಕನ್ನಡದ್ದೇ ಒಂದು ಬಗೆ. ನಾನು ಅದನ್ನು ಮಲಯಾಳದ ಲೆಕ್ಕಕ್ಕೆ ಹಾಕಿದ್ದೆ. ಮಲಯಾಳದಲ್ಲಿ ಹಾಗಾಗುವುದಕ್ಕೆ ಸಾಧ್ಯವೇ ಇಲ್ಲ ಎಂಬುದನ್ನು ಆಮೇಲೆ ಕೂತು ಯೋಚಿಸಿದಾಗ ಕಂಡೆ.

ಯಾಕೆ ಅಂದ್ರೆ, ಇಂದಿನ ಮಲಯಾಳದ ಕ್ರಿಯಾಪದಕ್ಕೆ ಲಿಂಗವೂ ಇಲ್ಲ, ವಚನವೂ ಇಲ್ಲ, ಪುರುಷವೂ ಇಲ್ಲ. ಅವನು, ಅವಳು, ಅದು, ನಾನು, ಯಾರೇ ಬಂದರೂ 'ವನ್ನು' ಅಷ್ಟೆ. ಈ 'ವನ್ನು' ನಮ್ಮ 'ಬಂದು' ಎಂಬುದಕ್ಕೆ ಎಷ್ಟು ಹತ್ತಿರ ನೋಡಿ. ಅಲ್ಲಿ ವಕಾರ, ಇಲ್ಲಿ ಬಕಾರ. ಅಲ್ಲಿ 'ನ್ನ', ಇಲ್ಲಿ 'ಂದ'. ಆದರೆ ಕೆಲಸ ಬೇರೆ. ಮಲಯಾಳದಲ್ಲಿ 'ವನ್ನು' ವಾಕ್ಯವನ್ನು ಮುಗಿಸುತ್ತದೆ. ಕನ್ನಡದಲ್ಲಿ 'ಬಂದು' ಭೂತನ್ಯೂನ, ಮುಂದೆ ಇನ್ನೊಂದು ಕ್ರಿಯೆ ಬರಲಿದೆ ಅಂತ ಹೇಳಿ ವಾಕ್ಯವನ್ನು ತೆರೆದಿಡುತ್ತದೆ. 'ಕೊಡುತ್ತು' ಎಂಬುದಕ್ಕೂ ನಮ್ಮ 'ಕೊಟ್ಟು' ಎಂಬುದಕ್ಕೂ ಇದೇ ಸಂಬಂಧ. ಹಾಗಾಗಿ ಮನೆಯಲ್ಲಿ ಮಲಯಾಳ ಆಡುವ ಮಗು ಪೂರ್ಣವಿರಾಮದ ಮುಂದೆ 'ಬಂದು' ಅಂತ ಬರೆದರೆ, ಅದು ಮಲಯಾಳದ ಹಾದಿ. 'ಬಂತು' ಅಂತ ಬರೆದ ಮಗುವಿಗೆ ಕ್ರಿಯಾಪದಕ್ಕೆ ಲಿಂಗದ ಬಾಲ ಬೇಕು ಎಂಬುದು ಚೆನ್ನಾಗಿ ಗೊತ್ತಿದೆ. ಆ ಬಾಲ ಯಾವುದು ಎಂಬಲ್ಲಿ ಮಾತ್ರ ಮನೆಮಾತು ಬೇರೆ, ಪಠ್ಯದ ಭಾಷೆ ಬೇರೆ.

ಇಬ್ಬರಿಗೂ ಸೊನ್ನೆ. ಇಬ್ಬರಿಗೂ ಬೇಕಾದ ಪಾಠ ಮಾತ್ರ ಒಂದೇ ಅಲ್ಲ. ಒಬ್ಬರಿಗೆ ಕನ್ನಡದ ವಾಕ್ಯ ಎಲ್ಲಿ ಮುಗಿಯುತ್ತದೆ, ಎಲ್ಲಿ ಮುಂದುವರಿಯುತ್ತದೆ ಎಂಬುದನ್ನು ಹೇಳಿಕೊಡಬೇಕು, ಅದಕ್ಕೆ ವಾರಗಳು ಬೇಕು. ಇನ್ನೊಬ್ಬರಿಗೆ ಬರವಣಿಗೆಯಲ್ಲಿ ಹೆಂಗಸರಿಗೆ 'ಅಳು' ಬರುತ್ತದೆ ಅಂತ ಒಂದು ಮಾತು ಹೇಳಿದರೆ ಸಾಕು.

ಪಠ್ಯವನ್ನು ತಿದ್ದಿದ್ದು

ನನ್ನ ಗದ್ಯಭಾಗದಲ್ಲೇ ಒಂದು ಕೊರತೆ ಇತ್ತು. ಅದರಲ್ಲಿ ಗಂಡಸಿನ ಬಗ್ಗೆ 'ಅವನು' ಅಂತ ಹೇಳುವ ಒಂದು ವಾಕ್ಯವೂ ಇರಲಿಲ್ಲ. ಕಥೆ ಹೇಳುವವನು ಹುಡುಗ, ಅವನಿಗೆ 'ನಾನು' ಇದೆ. ಉಳಿದವರು ಅಜ್ಜಿ ಮತ್ತು ತಂಗಿ. ಒಂದೇ ಲಿಂಗದ ಉತ್ತರ ಇಟ್ಟುಕೊಂಡು ಮಗುವಿಗೆ ಲಿಂಗ ಗೊತ್ತಿದೆಯೋ ಇಲ್ಲವೋ ಅಂತ ಹೇಳಲಿಕ್ಕಾಗುವುದಿಲ್ಲ. ಎರಡನೆಯ ಸಲ ತಂಗಿಯ ವಾಕ್ಯದ ನಂತರ ಎರಡು ವಾಕ್ಯ ಸೇರಿಸಿದೆ: "ಹಿಂದಿನಿಂದ ತಮ್ಮನೂ ಓಡಿ ______. ಗಲಾಟೆ ಕೇಳಿ ಪಕ್ಕದ ಮನೆಯ ಅಕ್ಕಂದಿರೂ ______." ಮೋಡ ಮತ್ತು ಉಳಿದ ಅಡಿಕೆ ನಪುಂಸಕಕ್ಕೆ ಮೊದಲೇ ಇದ್ದವು.

ಈಗ ಒಂದೇ ಮಗುವಿನ ಈ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಬೇಕು. ತಮ್ಮನಿಗೆ 'ಬಂದ' ಅಥವಾ 'ಬಂದನು', ಅಕ್ಕಂದಿರಿಗೆ 'ಬಂದರು' ಸರಿಯಾಗಿ ಬರೆದು ತಂಗಿಗೆ ಮಾತ್ರ 'ಬಂತು' ಅಂತ ಇದ್ದರೆ, ಅದು ಮನೆಯ ಕನ್ನಡ. ತಮ್ಮ, ತಂಗಿ, ಅಕ್ಕಂದಿರು ಎಲ್ಲರಿಗೂ 'ಬಂದು' ಅಂತ ಇದ್ದರೆ, ಕ್ರಿಯಾಪದಕ್ಕೆ ಬಾಲವೇ ಇಲ್ಲದ ಭಾಷೆಯ ನೆರಳು. ಒಂದು ಕಡೆ 'ಬಂದಳು', ಇನ್ನೊಂದು ಕಡೆ 'ಬಂದು', ಮತ್ತೊಂದು ಕಡೆ 'ಬಂದನು' ಅಂತ ಕ್ರಮವಿಲ್ಲದೆ ಇದ್ದರೆ, ಅದು ಅರ್ಧ ಕಲಿತ ಹಂತ ಇರಬಹುದು, ಅವಸರವೂ ಇರಬಹುದು. ಅಂಥ ಮಗುವನ್ನು ಕೂರಿಸಿ ಗಟ್ಟಿಯಾಗಿ ಓದಿಸದೆ ಏನನ್ನೂ ತೀರ್ಮಾನಿಸಬಾರದು. ಒಂದೇ ಖಾಲಿ ಜಾಗದ ತಪ್ಪಿನಿಂದ ಕಾರಣ ಹೇಳಲಿಕ್ಕೆ ಬರುವುದಿಲ್ಲ, ನಾಲ್ಕು ಜಾಗಗಳ ಮಾದರಿಯಿಂದ ಬರುತ್ತದೆ. ನಾನು ಕಲಿತದ್ದು ಇದು.

ಅಂಕ ಹಾಕುವ ಕ್ರಮವನ್ನೂ ಬದಲಿಸಿದೆ. ಈಗ ಪ್ರತಿ ಖಾಲಿ ಜಾಗಕ್ಕೆ ಎರಡು ಅಂಕ. ಸಂದರ್ಭಕ್ಕೆ ಒಪ್ಪುವ ಪದ ಆಯ್ದದ್ದಕ್ಕೆ ಒಂದು, ಅದರ ರೂಪ ಸರಿಯಿದ್ದದ್ದಕ್ಕೆ ಒಂದು. 'ಬಂತು', 'ಬಂದು', 'ಅಂಗಳಗೆ' ಎಲ್ಲಕ್ಕೂ ಮೊದಲ ಅಂಕ ಸಿಗುತ್ತದೆ. ಎರಡನೆಯದಕ್ಕೆ 'ಬರಲಿಲ್ಲ' ಅಂತ ಬರೆದವರಿಗೂ ಹಾಗೆಯೇ. ಅಲ್ಲಿ ಮೋಡ ಕವಿದ ಹೊತ್ತಿಗೆ ಇನ್ನೂ ಆಗಿರದ ಕೆಲಸದ ಮಾತು ಇರುವುದರಿಂದ 'ಬಂದಿರಲಿಲ್ಲ' ಹೆಚ್ಚು ಸರಿ. ಒಟ್ಟು ಅಂಕದ ಜೊತೆಗೆ ಎರಡು ಸಾಲುಗಳ ಮೊತ್ತವನ್ನೂ ಬೇರೆ ಬೇರೆ ಬರೆದಿಡುತ್ತೇನೆ. ಪದದ ಸಾಲಿನಲ್ಲಿ ಹತ್ತಕ್ಕೆ ಒಂಬತ್ತು, ರೂಪದ ಸಾಲಿನಲ್ಲಿ ಹತ್ತಕ್ಕೆ ಐದು ಪಡೆದ ಮಗು ಓದಿ ಅರ್ಥ ಮಾಡಿಕೊಳ್ಳುತ್ತಿದೆ. ಅದನ್ನು 'ಓದು ಬರದವರ' ಗುಂಪಿಗೆ ಹಾಕುವುದು ನಮ್ಮ ತಪ್ಪಾಗುತ್ತದೆ.

ಸರಿಯುತ್ತರದ ಪಟ್ಟಿಯ ಬಗ್ಗೆ ಒಂದು ಮಾತು. ಟೇಲರ್ ಅವರ ಕ್ರಮದಲ್ಲಿ ಮೂಲದಲ್ಲಿದ್ದ ಪದವೇ ಬರಬೇಕು, ಸಮಾನಾರ್ಥಕ ನಡೆಯುವುದಿಲ್ಲ. ಬರಹಗಳನ್ನು ಹೋಲಿಸುವುದಕ್ಕೆ ಅದು ಸಾಕು. ಮಕ್ಕಳನ್ನು ಅಳೆಯುವಾಗ ಅದು ಅನ್ಯಾಯ. ಐದನೆಯದಕ್ಕೆ ಜೊತೆ, ಜತೆ, ಜೊತೆಗೆ, ಸಂಗಡ ಎಲ್ಲವೂ ಒಪ್ಪುತ್ತವೆ, ನಮ್ಮ ಕಡೆ ಕೆಲವರು 'ಕೂಡೆ' ಅಂತಲೂ ಬರೆಯುತ್ತಾರೆ. ಏಳನೆಯದಕ್ಕೆ ಒದ್ದೆಯಾಯಿತು, ನೆನೆಯಿತು ಎರಡೂ ಸರಿ. ಒಬ್ಬ ಹುಡುಗ 'ಚಂಡಿಯಾಯಿತು' ಅಂತ ಬರೆದಿದ್ದ. ಕರಾವಳಿಯಲ್ಲಿ ಚಂಡಿ ಅಂದರೆ ಒದ್ದೆ, ನನಗೆ ತಿಳಿದಿದ್ದರಿಂದ ಅಂಕ ಕೊಟ್ಟೆ. ಬೇರೆ ಊರಿನವರು ಮೌಲ್ಯಮಾಪನ ಮಾಡಿದರೆ ಅವರಿಗೆ ಅದು ಹಟಮಾರಿ ಅಂತ ಅರ್ಥವಾಗಿ ಆ ಹುಡುಗನಿಗೆ ಸೊನ್ನೆ ಬೀಳುತ್ತಿತ್ತು. ಆದ್ದರಿಂದ ಮಕ್ಕಳಿಗೆ ಕೊಡುವ ಮೊದಲು ಅದೇ ಊರಿನ ನಾಲ್ಕಾರು ದೊಡ್ಡವರಿಗೆ ಗದ್ಯಭಾಗ ಕೊಟ್ಟು ತುಂಬಿಸಬೇಕು. ಅವರು ಬರೆದ ಪದಗಳೇ ಪಟ್ಟಿಯ ಬುಡ. ಅವರೇ ಒಂದು ಜಾಗದಲ್ಲಿ ಆರು ಬೇರೆ ಬೇರೆ ಪದ ಬರೆದರೆ ಆ ಖಾಲಿ ಜಾಗವನ್ನು ಮುಚ್ಚಿಬಿಡಿ, ಅಲ್ಲಿ ಸಂದರ್ಭ ಏನನ್ನೂ ಹಿಡಿದಿಟ್ಟಿಲ್ಲ.

ಸಂವಾದದಿಂದ

ಪ್ರಶ್ನೆ (ಆದೋನಿಯಿಂದ ಸೇರಿದ ಅಧ್ಯಾಪಕರು): ನಮ್ಮಲ್ಲೂ ಮಕ್ಕಳು 'ಅಕ್ಕ ಬಂತು' ಅಂತಾರೆ ಮೇಡಂ. ನಮ್ಮಲ್ಲಿ ಹವ್ಯಕರಿಲ್ಲ.

ಉತ್ತರ: ಒಳ್ಳೆಯ ಪ್ರಶ್ನೆ ಸರ್. ನಿಮ್ಮಲ್ಲಿ ಅದಕ್ಕೆ ಬೇರೆ ಬಾಗಿಲು ಇದೆ. ತೆಲುಗಿನಲ್ಲಿ ಏಕವಚನದಲ್ಲಿ ಗಂಡಸಿಗೆ ಒಂದು ರೂಪ, ಹೆಂಗಸು ಮತ್ತು ವಸ್ತು ಎರಡಕ್ಕೂ ಇನ್ನೊಂದು ರೂಪ. 'ಆಮೆ ವಚ್ಚಿಂದಿ', 'ಅದಿ ವಚ್ಚಿಂದಿ', ಎರಡಕ್ಕೂ ಅದೇ 'ಇಂದಿ'. ಬಹುವಚನಕ್ಕೆ ಹೋದರೆ ಹೆಂಗಸರು ಮನುಷ್ಯರ ಸಾಲಿಗೇ ಸೇರುತ್ತಾರೆ, 'ವಚ್ಚಾರು' ಆಗುತ್ತದೆ. ನಾನು ಸೇರಿಸಿದ ಅಕ್ಕಂದಿರ ವಾಕ್ಯ ನಿಮಗೂ ಉಪಯೋಗಕ್ಕೆ ಬರುತ್ತದೆ, ಅಲ್ಲಿ ಮಕ್ಕಳು 'ಬಂದರು' ಅಂತ ಸರಿಯಾಗಿ ಬರೆಯಬೇಕು. ಒಂದು ಮಾತು ಗಮನಿಸಿ. ನಮ್ಮಲ್ಲೂ ನಿಮ್ಮಲ್ಲೂ ಹಾಳೆಯ ಮೇಲೆ ಕಾಣುವ ತಪ್ಪು ಒಂದೇ, ಬಂದ ದಾರಿ ಬೇರೆ. ಹಾಳೆ ನೋಡಿ ದಾರಿ ಹೇಳಲಿಕ್ಕಾಗುವುದಿಲ್ಲ, ಮಗುವಿನ ಮನೆಮಾತು ಏನು ಅಂತ ಕೇಳಲೇಬೇಕು.

ಪ್ರಶ್ನೆ (ಹೊಸೂರಿನ ವಿದ್ಯಾರ್ಥಿನಿ): ನಮ್ಮ ಕಡೆ ಈ ತೊಂದರೆ ನಾನು ಅಷ್ಟಾಗಿ ನೋಡಿಲ್ಲ. ಯಾಕಿರಬಹುದು?

ಉತ್ತರ: ತಮಿಳು ಈ ಒಂದು ವಿಷಯದಲ್ಲಿ ಕನ್ನಡದ ಹಾಗೆಯೇ. ಅವನು, ಅವಳು, ಅದು ಮೂರಕ್ಕೂ ಬೇರೆ ಬೇರೆ ಬಾಲ ಇದೆ. ನಮ್ಮ ತುಳುವಿನಲ್ಲೂ ಹಾಗೆಯೇ. ತುಳು ಮನೆಯ ಮಕ್ಕಳು ನಾಲ್ಕನೆಯದನ್ನು ಕಷ್ಟವಿಲ್ಲದೆ ತುಂಬುತ್ತಾರೆ. ನಿಮ್ಮಲ್ಲಿ ಆ ಖಾಲಿ ಜಾಗದಿಂದ ಹೆಚ್ಚೇನೂ ತಿಳಿಯಲಿಕ್ಕಿಲ್ಲ, ಬೇರೆ ಜಾಗ ಹುಡುಕಬೇಕು.

ಪ್ರಶ್ನೆ (ಜತ್ತ ಭಾಗದ ಅಧ್ಯಾಪಕರು): ಮರಾಠಿಗೆ ಏನು ಹೇಳ್ತೀರಿ?

ಉತ್ತರ: ನಾನು ಮರಾಠಿ ಪರಿಸರದಲ್ಲಿ ಕಲಿಸಿದವಳಲ್ಲ, ಹಾಗಾಗಿ ವ್ಯಾಕರಣ ಏನು ಸೂಚಿಸುತ್ತದೆ ಅಂತ ಮಾತ್ರ ಹೇಳುತ್ತೇನೆ, ಮಕ್ಕಳು ನಿಜವಾಗಿ ಏನು ಬರೆಯುತ್ತಾರೆ ಅಂತ ನೀವೇ ನೋಡಬೇಕು. 'ತಂಗಿ ಬಂದಳು' ನಿಮ್ಮಲ್ಲಿ ಸುಲಭ ಇರಬೇಕು, ಮರಾಠಿಯಲ್ಲೂ 'ಆಲೀ' ಎಂಬುದು ಸ್ತ್ರೀಲಿಂಗವೇ. ಆದರೆ ಅಲ್ಲಿ ವಸ್ತುಗಳಿಗೂ ಗಂಡು ಹೆಣ್ಣು ಇದೆ, ಮಳೆ ಗಂಡು, 'ಪಾವೂಸ್ ಆಲಾ'. ಹಾಗಾಗಿ ನನ್ನ ಒಂದು ಮತ್ತು ಏಳನೆಯ ಖಾಲಿ ಜಾಗ ನಿಮಗೆ ಮುಖ್ಯ. ಹತ್ತನೆಯದೂ ಮುಖ್ಯ. ಮರಾಠಿಯಲ್ಲಿ 'ಅಜ್ಜಿ ಬೆಲ್ಲ ಕೊಟ್ಟರು' ಎಂಬಂಥ ಭೂತಕಾಲದ ವಾಕ್ಯದಲ್ಲಿ ಕ್ರಿಯಾಪದ ಅಜ್ಜಿಗೆ ಹೊಂದಿಕೊಳ್ಳುವುದಿಲ್ಲ, ಕೊಟ್ಟ ವಸ್ತುವಿಗೆ ಹೊಂದಿಕೊಳ್ಳುತ್ತದೆ. ನಿಮ್ಮ ಮಗು 'ಕೊಟ್ಟಿತು' ಅಂತ ಬರೆದರೆ ಅದು ಅಜ್ಜಿಯನ್ನು ನಪುಂಸಕ ಮಾಡಿದ್ದೋ, ಬೆಲ್ಲಕ್ಕೆ ಹೊಂದಿಸಿದ್ದೋ ಎಂಬ ಪ್ರಶ್ನೆ ಏಳುತ್ತದೆ. ಬೆಲ್ಲವನ್ನು ತೆಗೆದು ಬಹುವಚನದ ವಸ್ತು ಇಟ್ಟು, 'ಅಜ್ಜಿ ಎರಡು ಉಂಡೆಗಳನ್ನು ______' ಅಂತ ಇನ್ನೊಂದು ಜಾಗ ಮಾಡಿ ನೋಡಿ, ಗೊತ್ತಾಗಬಹುದು.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ): ಆವರಣದಲ್ಲಿ ಪದಗಳನ್ನು ಕೊಟ್ಟು ಆಯ್ಕೆ ಮಾಡಿಸಿದರೆ ಮೌಲ್ಯಮಾಪನ ಸುಲಭ ಅಲ್ವಾ?

ಉತ್ತರ: ಸುಲಭ. ಆದರೆ ಹತ್ತು ಜಾಗಕ್ಕೆ ಹತ್ತೇ ಪದ ಕೊಟ್ಟರೆ ಕೊನೆಯ ಎರಡು ಮೂರು ತಾವಾಗಿಯೇ ಬೀಳುತ್ತವೆ, ಓದುವ ಅಗತ್ಯವೇ ಇಲ್ಲ. ಕೊಡುವುದಾದರೆ ಪ್ರತಿ ಜಾಗಕ್ಕೂ ಬೇರೆ ಆಯ್ಕೆ ಕೊಡಿ. ಆ ಆಯ್ಕೆಗಳನ್ನು ನಾವು ಕೂತು ಹುಟ್ಟಿಸಬಾರದು, ಮಕ್ಕಳು ತಾವೇ ಬರೆದ ತಪ್ಪುಗಳಿಂದ ತೆಗೆಯಬೇಕು. ನಾಲ್ಕಕ್ಕೆ ಬಂದಳು, ಬಂದು, ಬಂತು, ಇದು ಒಳ್ಳೆಯ ಮೂರು. 'ಬಂದಳು, ತಿಂದಳು, ಮಲಗಿದಳು' ಅಂತ ಕೊಟ್ಟರೆ ನಮಗೆ ಬೇಕಾದ್ದು ಏನೂ ಸಿಗುವುದಿಲ್ಲ.

ಪ್ರಶ್ನೆ (ಅದೇ ವಿದ್ಯಾರ್ಥಿ): ಆ ಹುಡುಗಿ ಈಗ ಎಲ್ಲಿದ್ದಾಳೆ ಮೇಡಂ?

ಉತ್ತರ: ಅವಳ ಹಾಳೆಯನ್ನು ಹೊಸ ಕ್ರಮದಲ್ಲಿ ಮತ್ತೆ ತಿದ್ದಿದೆ. ಪದದ ಸಾಲಿನಲ್ಲಿ ಹತ್ತಕ್ಕೆ ಹತ್ತು, ರೂಪದ ಸಾಲಿನಲ್ಲಿ ಎಂಟು. ಹೋದದ್ದು ನಾಲ್ಕು ಮತ್ತು ಹತ್ತು, ಎರಡೂ ಒಂದೇ ಕಾರಣಕ್ಕೆ. ಹಾಳೆ ತೆಗೆದುಕೊಂಡು ಅವರ ಮನೆಗೆ ಹೋಗಿ ತಂದೆಗೆ ತೋರಿಸಿದೆ. 'ಮಲಯಾಳ ಪ್ರಭಾವ' ಅಂತ ಬರೆದದ್ದನ್ನು ಅವರ ಮುಂದೆಯೇ ಹೊಡೆದು ಹಾಕಿದೆ. ಅವರು ಹೆಚ್ಚೇನೂ ಹೇಳಲಿಲ್ಲ. ಜೂನಿನಲ್ಲಿ ಹುಡುಗಿ ಎಂಟನೆಯ ತರಗತಿಗೆ ಕನ್ನಡ ಮಾಧ್ಯಮಕ್ಕೇ ಬಂದಳು. ಮನೆಯಲ್ಲಿ ಕೇಳಿದರೆ 'ಬಂತು' ಅಂತಾರೆ, ಅದೂ ಸರಿಯೇ.